ಮೊದಲು ಬಂದ ನೂರೈವತ್ತು

ಯಕ್ಕಾ, ಸ್ವಲ್ಪ ಬೇಲಿ ಹತ್ರ ಬಾ. ನಿನ್ನ ಮಗಳು ಮೊಬೈಲ್‌ನ್ಯಾಗ ಕೆಲಸ ಹಿಡಿದಾಳ, 150 ರೂಪಾಯಿ ಬಂತು ಅಂದೆಲ್ಲಾ, ರಾತ್ರಿಯೆಲ್ಲಾ ನನಗ ಅದ ಚಿಂತಿ.

ಮೊಬೈಲ್ ಕೆಲಸ ಎಲ್ಲಾ ಸುಳ್ಳು ಅನ್ನಾಂಗಿಲ್ಲ. ಬೆಂಗಳೂರಿನ ‘ಕಾರ್ಯ’ ಅನ್ನೋ ಸಂಸ್ಥೆ ಚಾಮರಾಜನಗರ ಕಡೆ ಹಳ್ಳಿಯವರಿಂದ ಕನ್ನಡ ವಾಕ್ಯ ಓದಿಸಿ ದನಿ ತಗೊಂತು, ತಾಸಿಗೆ ಸುಮಾರು 5 ಡಾಲರ್ ಕೊಟ್ಟಿತು ಅಂತ 2023ರಾಗ ಪತ್ರಿಕಿಗೆ ಬಂದಿತ್ತು. ಯಂತ್ರಕ್ಕ ಕನ್ನಡ ಕಲಿಸಾಕ ನಮ್ಮ ದನಿ ಬೇಕು, ಅದಕ್ಕ ರೊಕ್ಕ. ನಮ್ಮ ಹುಡುಗನೂ ಅಂಥಾದ್ದೊಂದು ಮಾಡಿದ. ಫ್ಯಾನಿನ ಸಪ್ಪಳ ಬಿದ್ದಿದ್ದು, ಅಕ್ಷರ ನುಂಗಿದ್ದು, ಎಲ್ಲಾ ಇನ್ನೊಬ್ಬರು ಕೇಳಿ ತಗದಹಾಕಿದ್ರು. ಅವಕ್ಕ ಕೂಲಿ ಇಲ್ಲ. ಪಾಸಾದ ವಾಕ್ಯದ ರೊಕ್ಕ ಕೆಲ ದಿನದ ಮ್ಯಾಲ ಬ್ಯಾಂಕಿಗೆ ಬಂತು. ಆಮ್ಯಾಲ ಎರಡು ತಿಂಗಳು ಕೆಲಸಾನ ಇರಲಿಲ್ಲ. ಸಂಬಳ ಅಂತ ನಂಬಿ ಕೂಡೋ ಕೆಲಸಲ್ಲ ಇದು.

ಇಳಕಲ್ ಸೀರಿ ನೇಯೋ ಕೂಲಿ ನೆನಪು ಮಾಡ್ಕೊ. ಮಾಲೀಕ ನೂಲು ಕೊಡ್ತಾನ, ಸೀರಿ ನೋಡ್ತಾನ, ತಪ್ಪಿದ್ರ ಕೂಲಿ ಹಿಡಿತಾನ. ಆದ್ರ ‘ಮೊದಲು ನೀ ಐದುಸಾವಿರ ಕಟ್ಟು, ಆಮ್ಯಾಲ ಕೂಲಿ’ ಅನ್ನಾಂಗಿಲ್ಲ.

ನಿನ್ನ ಮಗಳ ಕೆಲಸ ಏನು? ಟೆಲಿಗ್ರಾಮ್‌ನ್ಯಾಗ ಯಾರೋ ಹೇಳಿದ ಮೂರು ವಿಡಿಯೋಕ್ಕ ಲೈಕ್ ಒತ್ತೋದು, ಒಂದಕ್ಕ 50. ಆ ಲೈಕಿನಿಂದ ಯಾರಿಗೆ ಏನು ಲಾಭ, ಹೇಳು? ದನಿ ಕೊಂಡವರಿಗೆ ದನಿ ಬೇಕಾಗಿತ್ತು. ಇವರಿಗೆ ಬೇಕಾಗಿದ್ದು ಆಕಿ ನಂಬಿಕಿ. ನಾಳೆ ‘ಪ್ರೀಪೇಯ್ಡ್ ಟಾಸ್ಕ್’ ಅಂತಾರ: 1000 ಹಾಕಿದ್ರ 1300. ಅದೂ ಬರತೈತಿ. ಆಮ್ಯಾಲ 5000, ಆಮ್ಯಾಲ 20,000. ಪರದಿ ಮ್ಯಾಲ ಗಳಿಕಿ ಏರಿದ್ದು ಕಾಣತೈತಿ, ತಗೀಬೇಕಂದ್ರ ಟ್ಯಾಕ್ಸ್ ಕಟ್ಟು ಅಂತಾರ. ದುಡಿದವರ ಕೂಲಿ ಬಿಡಿಸ್ಕೊಳ್ಳಾಕ ರೊಕ್ಕ ಕೇಳಿದ್ರಂದ್ರ ಅಲ್ಲಿ ಕೂಲಿನ ಇಲ್ಲ, ಯಕ್ಕಾ. ಒಂದು ಪೈಸೆನೂ ಹಾಕಬಾರದು.

ನನಗ ಹೆಚ್ಚು ಹೆದರಿಕಿ ಆ ಬಂದ 150ರದ್ದು. ಅಂಥಾ ರೊಕ್ಕ ಭಾಳ ಸಲ ಮೋಸಹೋದ ಇನ್ನೊಬ್ಬರ ಖಾತೆದಿಂದ ಬಂದಿರತೈತಿ. ಅವರು ದೂರು ಕೊಟ್ರ ಪೊಲೀಸರು ರೊಕ್ಕ ಹೋದ ದಾರಿ ಹಿಡಿದು ಬರ್ತಾರ, ನಿನ್ನ ಮಗಳ ಖಾತೆನೂ ತಡಿಹಿಡೀಬಹುದು. ಆಕಿ ಖಾತೆಗೆ ಸ್ಕಾಲರ್‌ಶಿಪ್ ಬರತೈತಲ್ಲಾ? ಅದೂ ಸಿಕ್ಕಿಬೀಳತೈತಿ. ‘ನಿನ್ನ ಖಾತೆಗೆ ರೊಕ್ಕ ಹಾಕತೀವಿ, ಮುಂದ ಕಳಿಸು, ಕಮಿಷನ್ ಇಟ್ಕೊ’ ಅಂದ್ರಂತೂ ಒಲ್ಲೆ ಅನ್ನಾಕ ಹೇಳು.

ರೊಕ್ಕ ಹಾಕಿಬಿಟ್ಟಾಳನು? ಹಾಕಿದ್ರ ಈಗಿಂದೀಗ 1930ಕ್ಕ ಫೋನ್ ಹಚ್ಚೋಣು. ತಡಾ ಮಾಡಿದಷ್ಟು ರೊಕ್ಕ ಖಾತೆದಿಂದ ಖಾತೆಗೆ ಜಿಗಿದು ಹೋಗತೈತಿ. ಆ ಚಾಟ್ ಅಳಿಸಬ್ಯಾಡ ಅನ್ನು, ದೂರಿಗೆ ಬೇಕು.

ಕರಿ ಆಕಿನ್ನ, ಬೈಯಬ್ಯಾಡ. ಬೈದ್ರ ಮುಚ್ಚಿಡ್ತಾಳ. ಮೊಬೈಲ್ ತಗೊಂಡು ಬರಲಿ, ಆ 150 ಯಾರ ಹೆಸರಿನಿಂದ ಬಂದೈತಿ ನೋಡೋಣು. ಕಂಪನಿ ಹೆಸರೈತೋ, ಗುರುತಿಲ್ಲದ ಯಾರೋ ಒಬ್ಬರ ಹೆಸರೈತೋ.