ಐವತ್ತು ರೂಪಾಯಿ ಏರಿಸಲಾರದ ಟೈಲರಕ್ಕ

ಮಂಡ್ಯದ ಯಾವ ಬಡಾವಣೆಗೆ ಹೋದರೂ ಬೀದಿಗೊಂದು ಮನೆಯ ಗೇಟಿನಲ್ಲಿ ಬ್ಲೌಸ್, ಚೂಡಿದಾರ್, ಫಾಲ್ಸ್, ಜಿಗ್‌ಜಾಗ್, ಕುಚ್ಚು ಎಂದು ಬರೆದ ತಗಡಿನ ಬೋರ್ಡು ಕಾಣುತ್ತದೆ. ಒಳಗೆ ಹಾಲ್‌ನ ಅರ್ಧಭಾಗ ಸೋಫಾದ್ದು, ಇನ್ನರ್ಧ ಮಿಷನ್ನಿನದು. ಆ ಮಿಷನ್ನಿನ ಹಿಂದೆ ಕೂತವರೇ ಟೈಲರಕ್ಕ. ಅವರಿಗೊಂದು ಸ್ವಂತ ಹೆಸರೂ ಇರುತ್ತದೆ. ಆದರೆ ಅದು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ.

ಈ ಲೇಖನ ಬರೆದವನಿಗೆ ಇಂಥ ಒಬ್ಬ ಟೈಲರಕ್ಕನ ಪರಿಚಯ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಇದೆ. ಮನೆಯವರ ಬ್ಲೌಸ್ ತರುವ ಹುದ್ದೆಗೆ ಅವನನ್ನು ಬಿಟ್ಟರೆ ಬೇರೆ ಅಭ್ಯರ್ಥಿಗಳಿಲ್ಲ. 'ಅಣ್ಣ, ಹುಕ್ಸ್ ಒಂದು ಬಾಕಿ ಅದೆ, ಸಂಜೆ ಬನ್ನಿ' ಎಂಬ ಮಾತಿನಲ್ಲಿ 'ಸಂಜೆ' ಎಂದರೆ ಯಾವ ವಾರದ ಸಂಜೆ ಎಂದು ಲೆಕ್ಕ ಹಾಕುವುದನ್ನು ಅವನು ಗೇಟಿನ ಬಳಿ ಸ್ಕೂಟರಿನ ಮೇಲೆ ಕೂತೇ ಕಲಿತದ್ದು.

ಟೈಲರಕ್ಕನಿಗೆ ಧೈರ್ಯ ಕಡಿಮೆ ಎಂದು ಯಾರೂ ಹೇಳುವಂತಿಲ್ಲ. ರೇಷ್ಮೆ ಸೀರೆಯ ಬ್ಲೌಸ್ ಪೀಸಿಗೆ ಎರಡನೇ ಸಲ ಯೋಚಿಸದೆ ಕತ್ತರಿ ಹಾಕುತ್ತಾರೆ. 'ಈ ಕತ್ತು ನಿಮಗೆ ಒಪ್ಪಕಿಲ್ಲ ಕಣಕ್ಕ' ಎಂದು ಎಂಥ ದೊಡ್ಡ ಮನೆಯವರಿಗೂ ಮುಖದ ಮೇಲೆ ಹೇಳುತ್ತಾರೆ. ಹೋದ ವರ್ಷದ ಅಳತೆ ಬ್ಲೌಸ್ ತಂದವರನ್ನು ಮೇಲಿಂದ ಕೆಳಗೆ ನೋಡಿ, ಒಂದು ಮಾತೂ ಆಡದೆ ಟೇಪು ತೆಗೆಯುತ್ತಾರೆ. ಅವರ ನಾಲಿಗೆ ತಡವರಿಸುವುದು ಒಂದೇ ವಾಕ್ಯಕ್ಕೆ: ಲೈನಿಂಗ್ ಬ್ಲೌಸಿಗೆ ಇನ್ನು ಮೇಲೆ ಮುನ್ನೂರೈವತ್ತಲ್ಲ, ನಾನೂರು.

ಏರಿಸಬೇಕಾದ ಕಾರಣ ಅವರ ಲೆಕ್ಕದ ಪುಸ್ತಕದಲ್ಲೇ ಇದೆ. ಮುನ್ನೂರೈವತ್ತರಲ್ಲಿ ಲೈನಿಂಗ್ ಬಟ್ಟೆಗೆ ಎಪ್ಪತ್ತು. ದಾರ, ಹುಕ್ಸು, ಕತ್ತಿಗೆ ಹಾಕುವ ಕ್ಯಾನ್ವಾಸು ಸೇರಿ ಇಪ್ಪತ್ತು. ಹೆಮ್ಮಿಂಗ್, ಹುಕ್ಸು ಹಾಕುವ ಕೈಕೆಲಸ ಮಾಡಿಕೊಡುವ ಪಕ್ಕದ ಮನೆಯಾಕೆಗೆ ನಲವತ್ತು. ಉಳಿಯುವುದು 220. ಅಳತೆ, ಕಟಿಂಗ್, ಹೊಲಿಗೆ, ಇಸ್ತ್ರಿ ಎಲ್ಲ ಸೇರಿ ಮೂರು ಗಂಟೆ ಹಿಡಿದರೆ ಗಂಟೆಗೆ 73 ರೂಪಾಯಿ. ನಾನೂರು ಮಾಡಿದರೆ ಅದು 90 ಆಗುತ್ತದೆ, ಅಷ್ಟೇ. 'ತೋಳು ಒಸಿ ಬಿಗಿ ಆಯ್ತದೆ' ಎಂದು ವಾಪಸು ಬಂದ ಬ್ಲೌಸನ್ನು ಬಿಚ್ಚಿ ಹೊಲಿಯುವ ಹೊತ್ತು ಈ ಲೆಕ್ಕದಲ್ಲಿ ಸೇರಿಲ್ಲ.

ಮೊದಲ ಪ್ರಯತ್ನ ನಡೆದದ್ದು ವಾಟ್ಸಾಪ್ ಸ್ಟೇಟಸ್ಸಿನಲ್ಲಿ. ಗುಲಾಬಿ ಹೂವಿನ ಚಿತ್ರದ ಮೇಲೆ ಟೈಲರಕ್ಕ ಒಂದು ದೊಡ್ಡ ಓಲೆಯನ್ನೇ ಬರೆದರು. ದಾರದ ಬೆಲೆ, ಮಗನ ಕಾಲೇಜು ಫೀಸು, ತಮ್ಮ ಬೆನ್ನುನೋವು ಎಲ್ಲವೂ ಅದರಲ್ಲಿ ಬಂದವು. ಕೊನೆಗೆ 'ದಯವಿಟ್ಟು ಬೇಜಾರ್ ಮಾಡ್ಕೋಬೇಡಿ' ಎಂದು ಏಳೆಂಟು ಕೈಮುಗಿದ ಚಿತ್ರಗಳು. ಎಷ್ಟರಿಂದ ಎಷ್ಟಕ್ಕೆ, ಯಾವತ್ತಿನಿಂದ ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಓದಿದವರು ಬೆನ್ನುನೋವಿಗೆ ಎಣ್ಣೆ ಹೇಳಿದರು. ಯಾರು ಯಾರು ನೋಡಿದರೆಂದು ಗಳಿಗೆಗೊಮ್ಮೆ ಪಟ್ಟಿ ತೆಗೆದು ನೋಡಿ, ಚೌಕಾಸಿಗೆ ಹೆಸರಾದ ಒಬ್ಬರ ಹೆಸರು ಅದರಲ್ಲಿ ಕಂಡೊಡನೆ ಟೈಲರಕ್ಕ ಸ್ಟೇಟಸ್ಸನ್ನೇ ಅಳಿಸಿದರು. ಅಳಿಸದಿದ್ದರೂ 24 ಗಂಟೆಯಲ್ಲಿ ಅದು ತಾನೇ ಮಾಯವಾಗುತ್ತಿತ್ತು. ಗಿರಾಕಿ ಬ್ಲೌಸ್ ಒಯ್ಯಲು ಬರುವುದು ಹದಿನೈದು ದಿನದ ಮೇಲೆ. ಅಷ್ಟು ಹೊತ್ತಿಗೆ ತೋರಿಸಲು ಸಾಕ್ಷಿಯೂ ಇರುವುದಿಲ್ಲ.

ಎರಡನೆಯದು ಹಾಲಿನ ಪ್ಯಾಕೆಟ್ಟು ಕೊಟ್ಟ ಉಪಾಯ. ಮಂಡ್ಯ ಹಾಲಿನ ಸೀಮೆ. ನಂದಿನಿ ದರ ಏರಿದ ದಿನ ಇಲ್ಲಿ ಹಾಕುವವರಿಗೂ ಕೊಳ್ಳುವವರಿಗೂ ಮಾತಿಗೆ ವಿಷಯ ಸಿಗುತ್ತದೆ. 2024ರ ಜೂನ್‌ನಲ್ಲಿ ಕೆಎಂಎಫ್ ಪ್ಯಾಕೆಟ್ಟಿಗೆ 2 ರೂಪಾಯಿ ಹೆಚ್ಚಿಸಿತು, ಜೊತೆಗೆ 50 ಮಿಲಿ ಹಾಲನ್ನೂ ಹೆಚ್ಚಿಗೆ ತುಂಬಿತು. ಇದು ದರ ಏರಿಕೆಯಲ್ಲ, ಹೆಚ್ಚಿನ ಹಾಲಿಗೆ ಹೆಚ್ಚಿನ ದುಡ್ಡು ಎಂಬುದು ಅದರ ವಾದ. ಟೈಲರಕ್ಕನಿಗೆ ಇದು ಬಹಳ ಹಿಡಿಸಿತು. ಐವತ್ತು ರೂಪಾಯಿ ಏರಿಸಿ, ಬೆನ್ನಿನ ದಾರಕ್ಕೆ ಎರಡು ಗೊಂಡೆ ಫ್ರೀ ಎಂದು ಸಾರಿದರು.

ಮೊದಲು ಬಂದವರು ಮದ್ದೂರಿನ ಒಬ್ಬ ಟೀಚರ್. ಗೊಂಡೆಯನ್ನು ಕೈಯಲ್ಲಿ ತೂಗಿ ನೋಡಿ, 'ಇದು ಬ್ಯಾಡ ಕಣಕ್ಕ, ಇಸ್ಕೂಲಿಗೆ ಹಾಕ್ಕೊಂಡ್ ಹೋದ್ರೆ ಮಕ್ಳು ನಗ್ತವೆ. ಇದನ್ನ ಮಡಿಕಂಡು ಐವತ್ತು ಕಮ್ಮಿ ಮಾಡ್ಕಳಿ' ಎಂದರು. ಟೈಲರಕ್ಕನ ಹತ್ತಿರ ಉತ್ತರವಿರಲಿಲ್ಲ. ಐವತ್ತನ್ನು ಗೊಂಡೆಗೆ ಕಟ್ಟಿದವರು ಅವರೇ. ಗೊಂಡೆ ಹೋದಮೇಲೆ ಐವತ್ತು ಯಾವ ಮುಖ ಇಟ್ಟುಕೊಂಡು ನಿಲ್ಲಬೇಕು? ವಾರದೊಳಗೆ ವಿಷಯ ಹಬ್ಬಿತು. ಗೊಂಡೆ ಬೇಡವೆನ್ನುವವರ ಸಂಖ್ಯೆ ಬೆಳೆಯಿತು. ಗೊಂಡೆ ಬೇಕು, ರೇಟು ಹಳೆಯದೇ ಇರಲಿ ಎನ್ನುವ ಮೂರನೇ ಪಂಗಡವೂ ಹುಟ್ಟಿಕೊಂಡಿತು. ಮನೆಯಲ್ಲಿ ಉಳಿದ ಗೊಂಡೆಗಳು ಕೊನೆಗೆ ಪರದೆಗಳ ತುದಿ ಸೇರಿದವು. ಇಂದಿಗೂ ಗೇಟಿನಿಂದಲೇ ಕಾಣುತ್ತವೆ. ಕೆಎಂಎಫ್ ಕೂಡ ಆ 50 ಮಿಲಿಯನ್ನು ಬಹಳ ಕಾಲ ಉಳಿಸಿಕೊಳ್ಳಲಿಲ್ಲ. 2025ರ ಏಪ್ರಿಲ್ 1ರಿಂದ ಅದನ್ನು ಹಿಂತೆಗೆದು, ಲೀಟರಿಗೆ 4 ರೂಪಾಯಿ ಏರಿಕೆ ಎಂದು ನೇರವಾಗಿಯೇ ಹೇಳಿತು.

ಮೂರನೆಯ ದಾರಿ ಎಲ್ಲಕ್ಕಿಂತ ಅಪಾಯದ್ದು. ಯಾರಿಗೂ ಸಾರುವುದು ಬೇಡ, ಬಂದವರ ಮುಖ ನೋಡಿ ಹೇಳಿದರಾಯಿತು ಎಂದು ಟೈಲರಕ್ಕ ತೀರ್ಮಾನಿಸಿದರು. ಮದ್ದೂರಿನ ಟೀಚರಿಗೆ ನಾನೂರು ಹೇಳಿದರು. ಅವರು ಗೊಣಗುತ್ತಲೇ ಕೊಟ್ಟರು. ಮಳವಳ್ಳಿಯ ಒಬ್ಬರಿಗೂ ನಾನೂರೇ ಹೇಳಿದ್ದು; ಅವರು, 'ಅಷ್ಟು ದೂರದಿಂದ ಬಸ್ಸಲ್ಲಿ ಬತ್ತೀವಿ ಕಣಕ್ಕ' ಎಂದು ಕಣ್ಣು ಸಣ್ಣದು ಮಾಡಿದೊಡನೆ ಮುನ್ನೂರೈವತ್ತಕ್ಕೆ ಇಳಿದರು. 2023ರ ಜೂನ್ 11ರಿಂದ ಆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ ಎಂಬುದು ಟೈಲರಕ್ಕನಿಗೆ ನೆನಪಾದದ್ದು ಆಕೆ ಗೇಟು ದಾಟಿದ ಮೇಲೆ.

ಆ ಇಬ್ಬರೂ ಮಳವಳ್ಳಿಯ ಒಂದು ಮದುವೆಯಲ್ಲಿ, ಕೈ ತೊಳೆಯುವ ಕಡೆ ಭೇಟಿಯಾದರು. ಕತ್ತಿನ ಪೈಪಿಂಗ್ ನೋಡಿದಾಗಲೇ ಒಂದೇ ಕೈ ಹೊಲಿದದ್ದೆಂದು ಇಬ್ಬರಿಗೂ ತಿಳಿಯಿತು. ಎಷ್ಟು ಕೊಟ್ಟೆ ಎಂದು ಒಬ್ಬರು ಕೇಳಿದರು, ಇನ್ನೊಬ್ಬರು ಹೇಳಿದರು. ಸಂಜೆಯೇ ಮದ್ದೂರಿನಿಂದ ವಾಯ್ಸ್ ಮೆಸೇಜ್ ಬಂತು: 'ನಾನೂರು ಜಾಸ್ತಿ ಆಯ್ತು ಅನ್ನಕಿಲ್ಲ ಕಣಕ್ಕ. ಅವರಿಗೊಂದು, ನನಗೊಂದಾ?' ಆ ಧ್ವನಿಯಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚಿತ್ತು. ಈ ವ್ಯಾಪಾರದ ಗುಟ್ಟು ಆ ಮೆಸೇಜಿನಲ್ಲಿದೆ. ಗಿರಾಕಿ ಮುನಿಯುವುದು ಏರಿದ ರೇಟಿಗಲ್ಲ. ಹೊಲಿದಾದ ಮೇಲೆ ಹೇಳುವ ರೇಟಿಗೆ ಮುನಿಯುತ್ತಾರೆ, ಪಕ್ಕದವರಿಗೊಂದು ತಮಗೊಂದು ಎಂಬ ರೇಟಿಗೆ ಮುನಿಯುತ್ತಾರೆ.

ಕೊನೆಗೆ ಕೆಲಸ ಆದದ್ದು ಟೈಲರಕ್ಕನ ತಂಗಿಯ, ಬಿ.ಕಾಂ. ಓದುತ್ತಿದ್ದ ಮಗಳಿಂದ. ಆಕೆ ಮೊದಲು ನೋಡಿದ್ದು ಪಂಚಾಂಗವನ್ನು. ಆಷಾಢದಲ್ಲಿ ಮದುವೆಗಳಿಲ್ಲ, ಮಿಷನ್ನಿಗೂ ಬಿಡುವು. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ, ಹಿಂದೆಯೇ ಗೌರಿ. ಆ ನೂಕುನುಗ್ಗಲಿನಲ್ಲಿ ರೇಟು ಏರಿಸಿದರೆ ಹಬ್ಬ ನೋಡಿ ಸುಲಿದರು ಎಂಬ ಮಾತು ಬರುತ್ತದೆ. ಆದ್ದರಿಂದ ಹೇಳುವುದು ಆಷಾಢದ ಮೊದಲ ವಾರ, ಜಾರಿ ಶ್ರಾವಣದ ಮೊದಲ ದಿನ ಎಂದಾಯಿತು. 375 ಬೇಡ ಎಂದದ್ದೂ ಆಕೆಯೇ. ಚಿಲ್ಲರೆಯ ರಗಳೆ ಒಂದು ಕಡೆ, ಮುಂದಿನ ವರ್ಷ ಮತ್ತೆ ಇದೇ ಬೆವರು ಇನ್ನೊಂದು ಕಡೆ. ಐವತ್ತು ಎಂದರೆ ನೂರಕ್ಕೆ ಹದಿನಾಲ್ಕು ಚಿಲ್ಲರೆ. 2025ರ ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರವೇ ನೂರಕ್ಕೆ ಹದಿನೈದು ಏರಿತ್ತು.

ಆಕೆ ಬರೆದ ಸಂದೇಶ ಇಷ್ಟೇ: 'ನಮಸ್ಕಾರ. ಶ್ರಾವಣ ಮಾಸದ ಮೊದಲ ದಿನದಿಂದ ಲೈನಿಂಗ್ ಬ್ಲೌಸ್ 350ರ ಬದಲು 400 ರೂಪಾಯಿ. ಸಾದಾ ಬ್ಲೌಸ್, ಸ್ಕೂಲ್ ಯೂನಿಫಾರ್ಮ್, ಫಾಲ್ಸ್ ರೇಟು ಹಳೆಯದೇ. ಅದಕ್ಕೆ ಮೊದಲು ಕೊಟ್ಟ ಬಟ್ಟೆಗೆ ಹಳೆ ರೇಟು, ಒಬ್ಬರಿಗೆ ಎರಡು ಬ್ಲೌಸ್‌ವರೆಗೆ. ಲೈನಿಂಗ್ ಬಟ್ಟೆ ಮತ್ತು ಕೈಕೆಲಸದ ಕೂಲಿ ಏರಿದೆ. ಎಲ್ಲರಿಗೂ ಒಂದೇ ರೇಟು.' ಬೆನ್ನುನೋವಿಲ್ಲ, ಗುಲಾಬಿಯಿಲ್ಲ. ಟೈಲರಕ್ಕನಿಗೆ ಇದು ತೀರಾ ಒರಟಾಗಿ ಕಂಡಿತು. ಒಂದಾದರೂ ಕೈಮುಗಿದ ಚಿತ್ರ ಇರಲೇಬೇಕೆಂದು ಹಟ ಹಿಡಿದು ಒಂದನ್ನು ಗಿಟ್ಟಿಸಿಕೊಂಡರು.

ಎರಡು ಬ್ಲೌಸಿನ ಮಿತಿ ಹಾಕದಿದ್ದರೆ ಹಳೆ ರೇಟಿಗೆ ಎಂಟೆಂಟು ಪೀಸು ತಂದು ಸುರಿಯುವವರಿದ್ದರು. ಶ್ರಾವಣವಿಡೀ ಹಳೆ ರೇಟಿಗೇ ದುಡಿಯಬೇಕಾಗುತ್ತಿತ್ತು. ಸಂದೇಶ ಬ್ರಾಡ್‌ಕಾಸ್ಟ್‌ನಲ್ಲಿ ಹೋಯಿತು. ಆದರೆ ಟೈಲರಕ್ಕನ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಳ್ಳದವರಿಗೆ ಬ್ರಾಡ್‌ಕಾಸ್ಟ್ ಮುಟ್ಟುವುದೇ ಇಲ್ಲ. ಹಾಗಾಗಿ ಅದನ್ನೇ ದಪ್ಪ ಅಕ್ಷರದಲ್ಲಿ ಬರೆದು ಮಿಷನ್ನಿನ ಮೇಲಿನ ಗೋಡೆಗೂ ಅಂಟಿಸಿದರು, ಬಟ್ಟೆ ಇಸ್ಕೊಳ್ಳುವಾಗ ಕೊಡುವ ಚೀಟಿಯಲ್ಲೂ ಬರೆದರು. 'ಹಳೇ ಗಿರಾಕಿಗೂ ಹಿಂಗೇನಾ?' ಎಂದವರಿಗೆ ಟೈಲರಕ್ಕ ಬಾಯಿ ತೆರೆಯದೆ ಗೋಡೆ ತೋರಿಸಿದರು. ತಾವು ಹೇಳಲಾರದ್ದನ್ನು ಗೋಡೆ ಇಷ್ಟು ಸಲೀಸಾಗಿ ಹೇಳುತ್ತದೆಂದು ಅವರಿಗೆ ಮೊದಲೇ ತಿಳಿದಿರಲಿಲ್ಲ.

ಕೆಲವರು ಬಿಟ್ಟುಹೋದರು. ಅವರಲ್ಲಿ ಹೆಚ್ಚಿನವರು ಹಿಂದಿನ ಬಾಕಿಯನ್ನೂ ಕೊಡದೆ ಹೋದವರು. ಮದ್ದೂರಿನ ಟೀಚರ್ ಮಾತ್ರ ಆಷಾಢದಲ್ಲೇ ಎರಡು ಪೀಸು ಕೊಟ್ಟು, ಶ್ರಾವಣದಲ್ಲಿ ಇನ್ನೊಂದನ್ನು ನಾನೂರಕ್ಕೆ ಹೊಲಿಸಿಕೊಂಡರು. ಈ ಲೇಖಕನ ಮನೆಯಲ್ಲೂ ಸ್ವಲ್ಪ ಚರ್ಚೆ ನಡೆಯಿತು. ಅವನ ಬರಹಕ್ಕೆ ಸಿಗುವ ಸಂಭಾವನೆ ಯಾವ ಕಾಲದಿಂದ ಏರಿಲ್ಲ ಎಂಬ ಪ್ರಶ್ನೆ ನಡುವೆ ಬಂದದ್ದರಿಂದ ಅವನೇ ಚರ್ಚೆಯನ್ನು ಬೇಗ ಮುಗಿಸಿದ.

ಟೈಲರಕ್ಕ ಯಾಕಿಷ್ಟು ಅಂಜುತ್ತಾರೆಂಬುದು ಅವರ ಮನೆಯಲ್ಲಿ ಕಾಯುತ್ತ ಕೂತವರಿಗೆ ಗೊತ್ತಾಗುತ್ತದೆ. ಯೂನಿಫಾರ್ಮ್ ಹೊಲಿಸಿಕೊಂಡ ಹುಡುಗಿಯರೇ ಮದುವೆ ಬ್ಲೌಸ್ ಹೊಲಿಸಲು ಬರುತ್ತಾರೆ, ಬಾಣಂತನಕ್ಕೆ ತವರಿಗೆ ಬಂದಾಗ ಅದೇ ಬ್ಲೌಸ್ ಬಿಚ್ಚಿಸಲು ಬರುತ್ತಾರೆ. ಮುಂದೆ ಬೇಕಾಗುತ್ತದೆಂದು ಪಕ್ಕದ ಹೊಲಿಗೆಯಲ್ಲಿ ಒಂದಿಂಚು ಬಟ್ಟೆ ಒಳಗೆ ಬಿಟ್ಟಿರುತ್ತಾರೆ, ಅದನ್ನು ಯಾರಿಗೂ ಹೇಳಿರುವುದಿಲ್ಲ, ಬಿಚ್ಚಿಕೊಟ್ಟಾಗ ದುಡ್ಡೂ ಕೇಳುವುದಿಲ್ಲ. ಊರಿಗೆಲ್ಲ ಹೊಸ ಬ್ಲೌಸ್ ಹೊಲಿಯುವ ಅವರು ಹಬ್ಬದ ದಿನ ಉಡುವ ಸೀರೆಗೆ ಬಹಳ ಸಲ ಹಳೆಯ ಬ್ಲೌಸೇ ಜೊತೆ. ಅವರದನ್ನು ಹೊಲಿಯಲು ಅವರಿಗೇ ಪುರುಸೊತ್ತಿಲ್ಲ.

ವರಮಹಾಲಕ್ಷ್ಮಿಗೆ ಬ್ಲೌಸ್ ಬೇಕಾದವರು ಆಷಾಢದಲ್ಲೇ ಬಟ್ಟೆ ಕೊಡಿ, ಸರಿಯಾಗಿ ಕೂರುವ ಅಳತೆ ಬ್ಲೌಸನ್ನೇ ಒಯ್ಯಿರಿ, ರೇಟನ್ನು ಕೊಡುವಾಗಲೇ ಕೇಳಿ ಚೀಟಿ ಇಸ್ಕೊಳ್ಳಿ. ಹಳೆ ಬಾಕಿ ಏನಾದರೂ ಇದ್ದರೆ ಅದನ್ನೂ ಅವತ್ತೇ ಕೊಟ್ಟುಬಿಡಿ. ಟೈಲರಕ್ಕ ತಾವಾಗಿ ಕೇಳುವವರಲ್ಲ.