ಬಾಡಿಗೆ ಮೇಷ್ಟ್ರು

ಹಿರೇನಲ್ಲೂರಿನಲ್ಲಿ ಯಾರು ಕಾರು ಮಾಡಿಕೊಂಡು ಹೊರಟರೂ ಮೇಷ್ಟ್ರು ಕರೆಯದೆಯೇ ಬರುತ್ತಾರೆ. ರಿಟೈರಾದ ಮೇಲೆ ಅವರಿಗೆ ಪಾಠ ಹೇಳಲು ಸಿಗುವವರು ಟ್ಯಾಕ್ಸಿ ಡ್ರೈವರುಗಳು ಮಾತ್ರ.

ಮೊನ್ನೆ ಪಕ್ಕದ ಮನೆಯ ಹುಡುಗಿಯನ್ನು ಬೆಂಗಳೂರು ಏರ್‌ಪೋರ್ಟಿಗೆ ಬಿಡಬೇಕಿತ್ತು. ಬರೀ ಡ್ರಾಪ್. ಒಂದು ಕಡೆಗೆ 230 ಕಿಲೋಮೀಟರ್ ಎಂದು ಹಿಡಿದು, ಡ್ರೈವರ್ ಹುಡುಗ 460ಕ್ಕೆ ಲೆಕ್ಕ ಹಾಕಿದ.

"ಬರೋದಕ್ಕೂ ನಾವೇ ಕೊಡಬೇಕೇನಪ್ಪಾ?"

"ಖಾಲಿ ಬರ್ಬೇಕಲ್ಲ ಮೇಷ್ಟ್ರೇ."

ಇದು ನ್ಯಾಯವೆಂದು ಮೇಷ್ಟ್ರಿಗೂ ಗೊತ್ತು. ಚಿಕ್ಕಮಗಳೂರಿಗೆ ಯಾರನ್ನೋ ಬಿಟ್ಟು ಬೆಂಗಳೂರಿಗೆ ಖಾಲಿ ಮರಳುವ ಗಾಡಿ ಸಿಕ್ಕಿದರೆ ಅರ್ಧಕ್ಕರ್ಧ ಉಳಿಯುತ್ತದೆ. ಆದರೆ ಅದು ಹೊರಡುವ ಹೊತ್ತು ಅದರ ಡ್ರೈವರಿನದು, ವಿಮಾನದ ಹೊತ್ತು ನಮ್ಮದು. ಹಾಗಾಗಿ ಊರ ಗಾಡಿಯೇ ಆಯಿತು. ಚೌಕಾಸಿ ಮಾಡಿ, ಬಾಟಾ ಸೇರಿಸಿ ಒಂದು ಮೊತ್ತಕ್ಕೆ ತಂದರು.

ಟೋಲಿನ ಮಾತಿಗೆ ಬಂದಾಗ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅವರ ವಾದ ಇಷ್ಟು: ಟೋಲನ್ನು ಒಟ್ಟು ಮೊತ್ತಕ್ಕೆ ಸೇರಿಸಿದರೆ ಡ್ರೈವರು ಟೋಲು ತಪ್ಪಿಸಲು ಗುಂಡಿ ಬಿದ್ದ ಒಳದಾರಿ ಹಿಡಿಯುತ್ತಾನೆ. ಬೇರೆ ಇಟ್ಟರೆ ಬಂದ ದಾರಿಯ ಟೋಲನ್ನೂ ನಮ್ಮ ತಲೆಗೆ ಕಟ್ಟುತ್ತಾನೆ. ಆದ್ದರಿಂದ ದಾರಿ ಮತ್ತು ಟೋಲು ಒಟ್ಟಿಗೇ ತೀರ್ಮಾನವಾಗಬೇಕು. ಅರಸೀಕೆರೆ, ತಿಪಟೂರು, ಗುಬ್ಬಿ, ತುಮಕೂರು, ದಾಬಸ್‌ಪೇಟೆ. ಅಲ್ಲಿಂದ ಬೆಂಗಳೂರಿನ ಒಳಗೆ ಹೋಗದೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಈ ದಾರಿಯಲ್ಲಿ ಹೋಗುವಾಗ ಫಾಸ್ಟ್ಯಾಗಿನಿಂದ ಕಡಿದ ಮೆಸೇಜು ತೋರಿಸಿದರೆ ಅಷ್ಟೂ ಕೊಡುವುದು, ಬರುವುದು ಅವನದು.

"ಇಪ್ಪತ್ನಾಲ್ಕು ಗಂಟೆ ಒಳಗೆ ತಿರುಗಿ ಬಂದ್ರೆ ನಿಂಗೆ ಅರ್ಧಾನೇ ಕಡಿಯೋದು, ನಂಗೊತ್ತು," ಎಂದರು. ಹುಡುಗ ನಕ್ಕ. ಮೇಷ್ಟ್ರು ಗೆದ್ದರು.

ಇನ್ನು ನಿಲ್ಲಿಸುವುದು. ಹುಡುಗಿಯ ಅಜ್ಜಿಗೆ ಕ್ಯಾತ್ಸಂದ್ರದಲ್ಲಿ ಸಿದ್ಧಗಂಗೆಗೆ "ಒಂದೇ ನಿಮಿಷ" ಹೋಗಬೇಕು. ಅಜ್ಜಿಯರ ನಿಮಿಷ ಮುಕ್ಕಾಲು ಗಂಟೆ ಎಂಬುದು ಡ್ರೈವರುಗಳ ಅನುಭವ. ಅದಕ್ಕೇ ವೇಟಿಂಗ್ ಚಾರ್ಜು ಇರುವುದು. ತಿಪಟೂರಿನಲ್ಲಿ ತಿಂಡಿಗೆ ಅರ್ಧ ಗಂಟೆ, ಮಠಕ್ಕೆ ಒಂದು ಗಂಟೆ ಬಿಟ್ಟಿ, ಅದರ ಮೇಲಾದರೆ ಗಂಟೆಗಿಷ್ಟು ಎಂದು ಬರೆದುಕೊಂಡರು. ಏರ್‌ಪೋರ್ಟಿನಲ್ಲಿ ಇಳಿಸಿ ತಕ್ಷಣ ಹೊರಟರೆ ಸರಿ. ಅಳುತ್ತಾ ನಿಂತು ಪಾರ್ಕಿಂಗ್ ಬಿದ್ದರೆ ಅಳುವವರದೇ ಖರ್ಚು. ಎಲ್ಲವನ್ನೂ ವಾಟ್ಸಾಪಿನಲ್ಲಿ ಹಾಕಿಸಿ, ಅವನಿಂದ "ಓಕೆ" ಬರೆಸಿಕೊಂಡ ಮೇಲೆಯೇ ಕಾಫಿ ಕುಡಿದರು.

ಹೊರಡುವ ಬೆಳಿಗ್ಗೆ ಹಳದಿ ಬೋರ್ಡಿನ ಗಾಡಿ ಬಂತು. ಹುಡುಗಿಯ ಎರಡು ದೊಡ್ಡ ಸೂಟ್‌ಕೇಸು, ಅಜ್ಜಿಯ ಜೊತೆ ತುಮಕೂರಿನ ನೆಂಟರಿಗೆ ಹೊರಟ ಒಂದು ಮೂಟೆ ತೆಂಗಿನಕಾಯಿ. ಡ್ರೈವರು ಡಿಕ್ಕಿ ತೆಗೆದ. ಒಳಗೆ ಸಿಎನ್‌ಜಿ ಸಿಲಿಂಡರು ಆರಾಮಾಗಿ ಮಲಗಿತ್ತು.

"ಮೇಲೆ ಕ್ಯಾರಿಯರ್ ಇಲ್ವೇನೋ?"

"ಲಗೇಜಿನ ಮಾತೇ ಬರ್ಲಿಲ್ವಲ್ಲ ಮೇಷ್ಟ್ರೇ."

ಮೇಷ್ಟ್ರು ತಮ್ಮ ವಾಟ್ಸಾಪು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದರು. ಅಷ್ಟರಲ್ಲಿ ಅಜ್ಜಿ ಮೂಟೆಯನ್ನು ಮುಂದಿನ ಸೀಟಿಗೆ ಹತ್ತಿಸಿ ಬೆಲ್ಟು ಹಾಕಿಸಿದ್ದರು.