ಅನುಪಸ್ಥಿತ ಬಂಧುಗಳ ನಾಮೋಲ್ಲೇಖ ಮೀಮಾಂಸೆ

ಹಬ್ಬದ ದಿನ ನೆರೆದ ಬಂಧುವರ್ಗದ ಭಾವಚಿತ್ರದ ಅಡಿಯಲ್ಲಿ, ಚಿತ್ರದೊಳಗೆ ಕಾಣುವವರ ಹೆಸರುಗಳನ್ನು ಬರೆಯುವುದು ಕೇವಲ ಲಿಪಿಕಾರನ ಕೆಲಸ. ಕಾಣದವರ ಹೆಸರುಗಳನ್ನು ಬರೆಯುವುದಾದರೋ ಶಾಸ್ತ್ರಜ್ಞನ ಕೆಲಸ. ಈ ಶಾಸ್ತ್ರಕ್ಕೆ ಇದುವರೆಗೆ ಸೂತ್ರಕಾರನಾಗಲಿ ಭಾಷ್ಯಕಾರನಾಗಲಿ ಹುಟ್ಟದಿರುವುದನ್ನು ಕಂಡು ಮರುಗಿ, ಉಮರ್ಗಾ, ನಿಲಂಗಾ, ಉದಗೀರಗಳ ಹೊಲಗಳಲ್ಲಿ ಎಳ್ಳಮಾಸಿಯ ಭಜ್ಜಿಯುಂಡು ಬೆಳೆದ ಅರ್ಹತೆಯೊಂದನ್ನೇ ಬಲವಾಗಿಟ್ಟುಕೊಂಡು, ಪ್ರಸ್ತುತ ಲೇಖಕನು ಈ ಭಾರವನ್ನು ಹೊತ್ತಿದ್ದಾನೆ.

ಹಬ್ಬಗಳು ಅನೇಕವಿರಲಾಗಿ ಎಳ್ಳಮಾಸಿಯನ್ನೇ ಉದಾಹರಣೆಗೆ ಆರಿಸಿದ್ದೇಕೆಂದು ಕೇಳುವವರುಂಟು. ಮಾರ್ಗಶಿರ ಮಾಸದ ಅಮಾವಾಸ್ಯೆಯಂದು, ಹಿಂಗಾರಿ ಜೋಳ ನಿಂತಿರುವ ಹೊಲದ ನಡುವೆ ಕಡಬಿಯ ಕೊಪ್ಪೆ ಕಟ್ಟಿ, ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಕೂರಿಸಿ ಪೂಜಿಸಿ, ಭಜ್ಜಿ, ಸಜ್ಜೆಯ ರೊಟ್ಟಿ, ಉಂಡಿ, ಅಂಬಲಿಗಳನ್ನು ಉಂಡ ಮೇಲೆ, ಕೂಡಿದವರೆಲ್ಲ ಒಂದು ಫೋಟೋಕ್ಕೆ ನಿಲ್ಲುವರಷ್ಟೆ. ಈ ಹಬ್ಬದಲ್ಲಿ ಯಾರಾದರೊಬ್ಬರು ತಪ್ಪಿಹೋಗುವುದು ಅನಿವಾರ್ಯ. ಪ್ರತಿಯೊಂದು ಮನೆತನಕ್ಕೂ ತನ್ನದೇ ಹೊಲವಿದ್ದು, ಎಲ್ಲ ಹೊಲಗಳಲ್ಲಿಯೂ ಅದೇ ದಿನ ಅದೇ ಮಧ್ಯಾಹ್ನವಾಗುವುದರಿಂದ, ಭಾಲ್ಕಿಗೆ ಕೊಟ್ಟ ಮಗಳು ಅತ್ತೆಮನೆಯ ಕೊಪ್ಪೆಯನ್ನು ಬಿಟ್ಟು ತವರಿನ ಕೊಪ್ಪೆಗೆ ಬರಲಾರಳು. ಮೇಲಾಗಿ ಲಾತೂರಿನ ಜಿಲ್ಲಾಧಿಕಾರಿಗಳು ಆ ದಿನ ಸ್ಥಳೀಯ ರಜೆ ಘೋಷಿಸುವ ವಾಡಿಕೆಯಿದ್ದರೂ, ಆ ಆಜ್ಞೆ ಪುಣೆಯ ಕಂಪನಿಗಳವರೆಗೆ ನಡೆಯದು. ದೀಪಾವಳಿಗೆ ಬಾರದವನು ಮನಸ್ಸಿಲ್ಲದೆ ಬಾರದವನಾಗಿರಬಹುದು. ಎಳ್ಳಮಾಸಿಗೆ ಬಾರದವನು ಬಹುಮಟ್ಟಿಗೆ ನಿರಪರಾಧಿ. ಆದ್ದರಿಂದಲೇ ಇಲ್ಲಿ ಅಭಾವವನ್ನು ರಾಗದ್ವೇಷಗಳಿಲ್ಲದೆ ಪರೀಕ್ಷಿಸಬಹುದಾಗಿದೆ.

ಅಭಾವವು ನಾಲ್ಕು ಬಗೆಯದೆಂದು ವೈಶೇಷಿಕರು ಹೇಳಿದ್ದಾರೆ. ನಮ್ಮ ಹೊಲಗಳನ್ನು ನೋಡದೆಯೇ ಅವರು ಇದನ್ನು ಕಂಡುಕೊಂಡದ್ದು ಆಶ್ಚರ್ಯಕರ. ಉಮರ್ಗಾದಿಂದ ಹೊರಟ ಎಸ್ಟಿ ಇನ್ನೂ ಮುಟ್ಟದಿರುವ ಕಾರಣ ಚಿತ್ರದಲ್ಲಿಲ್ಲದ ಸೋದರಮಾವನದು ಪ್ರಾಗಭಾವ. ಅನಾದಿಯಾದರೂ ಅದಕ್ಕೆ ಅಂತ್ಯವುಂಟು. ಉಂಡು ಕೈ ತೊಳೆದು, ಫೋಟೋಕ್ಕೆ ಮುಂಚೆಯೇ ಜಾರಿದ ಅಳಿಯನದು ಪ್ರಧ್ವಂಸಾಭಾವ. ಪ್ರತಿವರ್ಷ ‘ಬರ್ತೀನಿ’ ಎಂದು ಹೇಳುವವರದು ಅತ್ಯಂತಾಭಾವ, ಅವರ ವಿಷಯ ಅಷ್ಟು ಸಾಕು. ನಿಜವಾದ ಪಾಂಡಿತ್ಯ ಬೇಕಾಗುವುದು ಅನ್ಯೋನ್ಯಾಭಾವದಲ್ಲಿ. ಘಟವು ಪಟವಲ್ಲ, ಪಟವು ಘಟವಲ್ಲ ಎಂಬುದಕ್ಕೆ ಶಾಸ್ತ್ರದಲ್ಲಿ ಈ ಹೆಸರು. ವಾಟಣಿಯಾದ ಅಣ್ಣತಮ್ಮಂದಿರಲ್ಲಿ ಒಬ್ಬನಿರುವ ಚಿತ್ರದಲ್ಲಿ ಇನ್ನೊಬ್ಬನಿರನು, ಇನ್ನೊಬ್ಬನಿರುವಲ್ಲಿ ಇವನಿರನು ಎಂಬುದಕ್ಕೂ ಅದೇ ಹೆಸರನ್ನು ವಿಸ್ತರಿಸಿದರೆ ತಾರ್ಕಿಕರು ಮುನಿಯಬಹುದು, ಆದರೆ ಅವರಿಗೆ ಬದುವಿನ ವ್ಯಾಜ್ಯಗಳ ಅನುಭವ ಸಾಲದು.

ಇನ್ನು ಪ್ರಮಾಣದ ವಿಚಾರ. ಅಭಾವವನ್ನು ತಿಳಿಯಲು ಅನುಪಲಬ್ಧಿಯೆಂಬ ಆರನೆಯ ಪ್ರಮಾಣವನ್ನು ಭಾಟ್ಟ ಮೀಮಾಂಸಕರು ಒಪ್ಪಿದ್ದಾರೆ. ಆದರೆ ಕಾಣದಿದ್ದಮಾತ್ರಕ್ಕೆ ಇಲ್ಲವೆನ್ನಲಾಗದು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಾದಾಗ ಮಾತ್ರ ಅದರ ಅಭಾವ ಸಿದ್ಧವಾಗುತ್ತದೆ. ಹೊಲದಲ್ಲಿ ದೆಹಲಿಯ ಮಂತ್ರಿಗಳೂ ಇರಲಿಲ್ಲ. ಆದರೆ ‘ಅನುಪಸ್ಥಿತರು’ ಎಂದು ಅವರ ಹೆಸರನ್ನು ಯಾರೂ ಬರೆಯುವುದಿಲ್ಲ. ಆದುದರಿಂದ ಇಲ್ಲದವರ ಪಟ್ಟಿಗೆ ಸೇರುವುದು ಒಂದು ಪದವಿ: ‘ಈತನು ಬರತಕ್ಕವನಾಗಿದ್ದನು’ ಎಂಬ ಕುಲದ ಅಂಗೀಕಾರ. ಬಾರದಿದ್ದುದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಬಾರದವರ ಪಟ್ಟಿಯಿಂದ ಬಿಟ್ಟುದಕ್ಕೆ ಮೂರು ತಲೆಮಾರು ಸಿಟ್ಟಾಗುತ್ತದೆ. ಈ ಸಂದರ್ಭದಲ್ಲಿ ‘ಮುಂತಾದವರು’ ಎಂಬ ಪದವನ್ನು ಬಳಸಿದವನು, ಆ ಪದದೊಳಗೆ ಯಾರಾರನ್ನು ಹೂತಿದ್ದಾನೆಂಬುದನ್ನು ಮುಂದಿನ ಮದುವೆಯ ಪಂಕ್ತಿಯಲ್ಲಿ ಕುಳಿತಾಗ ತಿಳಿಯುವನು.

ಪ್ರಯೋಗಕ್ಕೆ 2024ರ ಡಿಸೆಂಬರ್ 30, ಸೋಮವಾರ, ನಿಲಂಗಾ ತಾಲೂಕಿನ ನಮ್ಮ ಹೊಲದ ಚಿತ್ರವನ್ನು ತೆಗೆದುಕೊಳ್ಳೋಣ. ಭಾನುವಾರಕ್ಕೆ ಸೋಮವಾರ ಅಂಟಿಕೊಂಡಿದ್ದರಿಂದ ಪುಣೆಯವರು ಒಂದೇ ರಜೆಯಲ್ಲಿ ಬಂದುಬಿಟ್ಟರು, ಪಟ್ಟಿ ಕಿರಿದಾಯಿತು. ಉಳಿದ ಮೊದಲ ತೊಡಕು ನ್ಯೂಜೆರ್ಸಿಯ ಅಣ್ಣನ ಮಗನದು. ನಮಗೆ ಮಧ್ಯಾಹ್ನ ಎರಡು ಗಂಟೆಯಾದಾಗ ಅವನಿಗೆ ನಸುಕಿನ ಮೂರೂವರೆ. ಆದರೂ ಅವನೆದ್ದು ವಿಡಿಯೋ ಕಾಲಿನಲ್ಲಿ ಬಂದನು, ಮೊಬೈಲನ್ನು ಹುಡುಗನೊಬ್ಬನು ಎದೆಯ ಮಟ್ಟಕ್ಕೆ ಹಿಡಿದು ಸಾಲಿನಲ್ಲಿ ನಿಂತನು. ಪ್ರತಿಬಿಂಬರೂಪದಿಂದ ಇರುವವನನ್ನು ಉಪಸ್ಥಿತನೆನ್ನಬೇಕೇ ಎಂಬ ಪೂರ್ವಪಕ್ಷ ಏಳುವ ಮೊದಲೇ ಸೂರ್ಯನು ತೀರ್ಪಿತ್ತಿದ್ದನು: ಬಿಸಿಲಿಗೆ ಮುಖಮಾಡಿದ ಪರದೆಯು ಚಿತ್ರದಲ್ಲಿ ಬರಿಯ ಕಪ್ಪು ಹಲಗೆಯಾಗಿ ಮೂಡಿತು. ಕೊಪ್ಪೆಯ ನೆರಳಿನಲ್ಲಿ, ಪರದೆಯ ಬೆಳಕನ್ನು ಪೂರ್ತಿ ಏರಿಸಿ ಹಿಡಿದಿದ್ದರೆ ಮುಖ ಕಾಣುತ್ತಿತ್ತು. ಮುಂದಿನ ಸಂಶೋಧಕರು ಇದನ್ನು ಲಕ್ಷಿಸತಕ್ಕದ್ದು. ಅವನು ಮಾತ್ರ ತಾನಲ್ಲಿ ಇದ್ದೆನೆಂದೇ ವಾದಿಸಿದ್ದರಿಂದ, ಪ್ರತ್ಯಕ್ಷವು ಕೈಕೊಟ್ಟರೂ ಶಬ್ದಪ್ರಮಾಣವನ್ನು ಮನ್ನಿಸಿ ‘ಹುಡುಗನ ಕೈಯಲ್ಲಿ’ ಎಂದು ಬರೆಯಲಾಯಿತು.

ಹೈದರಾಬಾದಿನ ಮಾವಶಿಗೆ ಮೊಣಕಾಲಿನ ಶಸ್ತ್ರಕ್ರಿಯೆಯಾಗಿತ್ತು, ಆಕೆಯ ಹೆಸರಿನ ಮುಂದೆ ಕಾರಣವನ್ನೂ ಬರೆಯೋಣವೆಂದಾಗ ಅತ್ತಿಗೆ ತಡೆದರು: “ಒಬ್ಬರಿಗ ಕಾರಣ ಬರದ್ರ ಉಳದವ್ರಿಗ ಕಾರಣ ಇಲ್ಲಂದಂಗ ಆಗ್ತದ್ರಿ, ಬ್ಯಾಡ.” ‘ಕಾರಣಾಂತರಗಳಿಂದ’ ಎಂಬ ಅಚ್ಚಿನ ಮಾತಂತೂ ನಮ್ಮ ಕಡೆ ಜಗಳವಿದೆಯೆಂಬುದರ ರುಜುವಾತೇ ಆಗಿರುವುದರಿಂದ ವರ್ಜ್ಯ. ವಯಸ್ಸಿನ ಕ್ರಮದಿಂದ, ಕಾರಣರಹಿತವಾಗಿ ಎಂಬುದೇ ಸಿದ್ಧಾಂತ. ಆ ವರ್ಷ ತೀರಿಕೊಂಡಿದ್ದ ಅಜ್ಜನ ಹೆಸರನ್ನು ಎಲ್ಲಿ ಇಡಬೇಕೆಂದು ನಾನು ಪ್ರಧ್ವಂಸಾಭಾವದ ಲಕ್ಷಣವನ್ನು ವಿವರಿಸುತ್ತಿರುವಾಗ ಆಯಿ, “ಅವರ ಹೆಸರಿಲ್ದ ಹೊಲದ ಫೋಟೋ ಹ್ಯಾಂಗ ಆಗ್ತದೋ? ಮೊದಲ ಅವರದ ಬರಿ,” ಎಂದುದರಿಂದ ಅವರು ಉಪಸ್ಥಿತರ ಸಾಲಿನಲ್ಲಿ ಮೊದಲಿಗರಾದರು. ಇದಕ್ಕೆ ಭಾಷ್ಯ ಬೇಕಿಲ್ಲ.

ದೂರವೆಂಬುದನ್ನು ಮೈಲಿಯಿಂದಲೇ ಅಳೆಯುವವರಿಗೂ ಒಂದು ಮಾತು. 1956ರ ತನಕ ನಿಲಂಗಾ, ಉದಗೀರಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿಯೇ ಇದ್ದವು; ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯದ ಉಸ್ಮಾನಾಬಾದಿಗೆ ಸೇರಿ, 1982ರಲ್ಲಿ ಲಾತೂರು ಜಿಲ್ಲೆಯ ಭಾಗವಾದವು. ಭಾಲ್ಕಿಯ ಬೀಗರು ಒಂದು ಹೆಜ್ಜೆಯೂ ಕದಲದೆ ಪರರಾಜ್ಯದವರಾದರು. ಇದರ ಫಲವು ಪಟದ ಅಡಿಯ ಸಾಲಿನ ಲಿಪಿಯಲ್ಲಿದೆ: ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮರಾಠಿ ಕಲಿತ ನಮ್ಮ ಹುಡುಗರು ‘ಅಣ್ಣಾ, ಅಕ್ಕಾ’ಗಳನ್ನು ದೇವನಾಗರಿಯಲ್ಲಿ ಬರೆಯುತ್ತಾರೆ; ಭಾಲ್ಕಿಯ ಮಗಳು ಅದನ್ನು ಓದಬಲ್ಲಳು, ಅವಳ ಮಕ್ಕಳು ತಡವರಿಸುತ್ತಾರೆ. ಕನ್ನಡ ಲಿಪಿಯಲ್ಲಿ ಬರೆದರೆ ಪುಣೆಯ ಸೊಸೆಗೆ ತನ್ನ ಹೆಸರೇ ಕಾಣದು. ಎರಡರಲ್ಲಿಯೂ ಬರೆದೆವು.

ಉಳಿದವನು ನನ್ನ ಅಣ್ಣನೊಬ್ಬನೇ. ಅವನ ಹೊಲ ನಮ್ಮದಕ್ಕೆ ತಾಗಿಯೇ ಇದೆ, ನಡುವೆ ಒಂದು ಬದು. ಹಿರಿಯನಾದ್ದರಿಂದ ಅನುಪಸ್ಥಿತರಲ್ಲಿ ಅವನನ್ನೇ ಮೊದಲು ಬರೆದು, ಚಿತ್ರವನ್ನು ಮನೆತನದ ವಾಟ್ಸಾಪ್ ಗ್ರೂಪಿಗೆ ಹಾಕಿದೆನು. ಅರ್ಧ ತಾಸಿನಲ್ಲಿ ಅವನ ಚಿತ್ರವೂ ಬಂದಿತು. ಅದರಡಿ ಅನುಪಸ್ಥಿತರ ಸಾಲಿನಲ್ಲಿ ನನ್ನ ಹೆಸರು, ಯಥಾಕ್ರಮವಾಗಿ. ಅನ್ಯೋನ್ಯಾಭಾವವು ಸಿದ್ಧವಾಯಿತೆಂದು ಹಿಗ್ಗುವಷ್ಟರಲ್ಲಿ ಪುಣೆಯ ಹುಡುಗಿಯೊಬ್ಬಳು ಆ ಚಿತ್ರವನ್ನು ಹಿಗ್ಗಿಸಿ ನೋಡಿ ತೋರಿಸಿದಳು: ಅವರ ಸಾಲಿನ ಹಿಂದೆ, ಜೋಳದ ತೆನೆಗಳ ಆಚೆ, ನಮ್ಮ ಕೊಪ್ಪೆಯೂ, ಅದರ ಬಾಗಿಲಲ್ಲಿ ಅಂಬಲಿಯ ಗಡಿಗೆಗೆ ಬಗ್ಗಿದ ನನ್ನ ಬೆನ್ನೂ ಸ್ಪಷ್ಟವಾಗಿ ಮೂಡಿದ್ದವು. ಅದೇ ಸಂಜೆ ಅಣ್ಣನು ಅಡಿಬರಹವನ್ನು ತಿದ್ದಿ ಮತ್ತೆ ಕಳಿಸಿದನು: ಅನುಪಸ್ಥಿತರಲ್ಲಿ ನನ್ನ ಹೆಸರು ಇದ್ದಂತೆಯೇ ಇದ್ದು, ಮುಂದೆ ‘ಹಿಂದಿನ ಸಾಲು, ಬಲಗಡೆ’ ಎಂಬುದು ಸೇರಿತ್ತು.